ಸೆಪ್ಟೆಂಬರ್‌ನಲ್ಲಿ ಮಾಲಿಲ್ಲ, ನವೆಂಬರ್‌ನಲ್ಲಿ ಜಾಗವಿಲ್ಲ: ಊದುಬತ್ತಿ ಘಟಕದ ತಿಂಗಳ ಅಂದಾಜು

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸಣ್ಣ ಊದುಬತ್ತಿ ಘಟಕ. ಹಿಂದಿನ ಮೂರು ತಿಂಗಳ ಬಿಲ್ಲಿನ ಸರಾಸರಿ ಹಿಡಿದು ಮುಂದಿನ ತಿಂಗಳ ತಯಾರಿ ಮಾಡುತ್ತೇನೆ. 2025ರ ಸೆಪ್ಟೆಂಬರ್‌ಗೆ 497 ಪೆಟ್ಟಿಗೆ ಅಂತ ಬಂತು. ಆರ್ಡರ್ ಬಂದಿದ್ದು 660. ಓವರ್‌ಟೈಮ್ ಮಾಡಿಸಿದರೂ 570 ಅಷ್ಟೇ ಕಳಿಸಲು ಆಯಿತು. ನವೆಂಬರ್‌ಗೆ 557 ಅಂತ ಬಂತು, ಹೋಗಿದ್ದು 400. ಮಿಕ್ಕಿದ್ದು ಇನ್ನೂ ಗೋಡೌನ್‌ನಲ್ಲಿದೆ. ಮಗ ‘ಎಕ್ಸೆಲ್‌ನಲ್ಲಿ ಸೀಸನಲ್ ಇಂಡೆಕ್ಸ್ ಹಾಕೋಣ’ ಅಂತಾನೆ. ಆಡಿಟರ್ ‘ಹೋದ ವರ್ಷದ ಅದೇ ತಿಂಗಳಿಗೆ 5% ಸೇರಿಸಿ, ಸಾಕು’ ಅಂತಾರೆ. ಯಾರ ಮಾತು ಕೇಳಲಿ? 2023ರಿಂದ ಮೂರು ವರ್ಷದ ಆರ್ಡರ್ ಮತ್ತು ಬಿಲ್ ಲೆಕ್ಕ ಕಳಿಸಿದ್ದೇನೆ. 2026ರ ಅಂದಾಜು ಹೇಗೆ ಹಾಕಬೇಕು ಹೇಳಿ.

ಉತ್ತರ:

ಮಗನ ದಾರಿ ಸರಿ, ಆದರೆ ಅರ್ಧ ದಾರಿ. ಆಡಿಟರ್ ಹೇಳಿದ್ದು ಬೇರೆ ಕೆಲವು ವರ್ಷಗಳಲ್ಲಿ ನಡೆಯುತ್ತದೆ, ಈ ವರ್ಷ ಮಾತ್ರ ಬೇಡ. ಅವರ ಲೆಕ್ಕದಲ್ಲಿ ಈ ಅಕ್ಟೋಬರ್‌ಗೆ 494 ಪೆಟ್ಟಿಗೆ ಬರುತ್ತದೆ. ನನ್ನ ಲೆಕ್ಕದಲ್ಲಿ 660ರ ಹತ್ತಿರ ಬರುತ್ತದೆ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದನ್ನು ನಿಮ್ಮದೇ ಅಂಕಿ ಇಟ್ಟುಕೊಂಡು ನೋಡೋಣ.

ಮೊದಲು ಮೂರು ತಿಂಗಳ ಸರಾಸರಿಯ ವಿಷಯ. ಅದು ತಪ್ಪು ಲೆಕ್ಕವೇನಲ್ಲ, ಬೇರೆ ಕೆಲಸಕ್ಕೆ ಇರುವ ಲೆಕ್ಕ. ಜೂನ್, ಜುಲೈ, ಆಗಸ್ಟ್ ಸೇರಿಸಿ ಮೂರರಿಂದ ಭಾಗಿಸಿದರೆ ಸಿಗುವ ಸಂಖ್ಯೆ ನಡುವಿನ ತಿಂಗಳದ್ದು, ಅಂದರೆ ಜುಲೈನದ್ದು. ಅದನ್ನು ನೀವು ಸೆಪ್ಟೆಂಬರ್‌ಗೆ ಅಂಟಿಸಿದಿರಿ. ಎರಡು ತಿಂಗಳು ಹಿಂದೆ ಬಿದ್ದ ಹಾಗಾಯಿತು. ವರ್ಷವಿಡೀ ಒಂದೇ ಮಟ್ಟದಲ್ಲಿ ಹೋಗುವ ಸರಕಿಗೆ ಇದರಿಂದ ನಷ್ಟವಿಲ್ಲ. ಏರಿ ಇಳಿಯುವ ಸರಕಿಗೆ ಮಾತ್ರ ಏರುವಾಗ ಕಮ್ಮಿ ಹೇಳುತ್ತದೆ, ಇಳಿಯುವಾಗ ಜಾಸ್ತಿ ಹೇಳುತ್ತದೆ. ನಿಮಗೆ ಆಗಿದ್ದು ಅದೇ. ಮೂರರ ಬದಲು ಎರಡು ತಿಂಗಳು ಹಿಡಿದಿದ್ದರೂ ಇದೇ ಆಗುತ್ತಿತ್ತು, ಸ್ವಲ್ಪ ಕಮ್ಮಿ ಅಷ್ಟೇ.

ಎರಡನೆಯದು, ನೀವು ಬಿಲ್ಲಿನ ಅಂಕಿ ಹಿಡಿದಿದ್ದೀರಿ. ಇದು ಸರಾಸರಿಗಿಂತ ದೊಡ್ಡ ತಪ್ಪು, ಯಾಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ 90 ಪೆಟ್ಟಿಗೆ ಕಳಿಸಲು ಆಗಲಿಲ್ಲ. ನಿಮ್ಮ ಎರಡೂ ಲೆಕ್ಕ ಹೋಲಿಸಿದರೆ ಅದರಲ್ಲಿ 40 ಅಕ್ಟೋಬರ್‌ನಲ್ಲಿ ಬಿಲ್ ಆಗಿದೆ, 50 ರದ್ದಾಗಿದೆ. ಆ ಅಂಗಡಿಯವರು ಬೇರೆಯವರ ಮಾಲು ಹಾಕಿಸಿಕೊಂಡಿರುತ್ತಾರೆ. ಬಿಲ್ ಪ್ರಕಾರ ಸೆಪ್ಟೆಂಬರ್ 570, ಅಕ್ಟೋಬರ್ 510. ಆರ್ಡರ್ ಪ್ರಕಾರ 660 ಮತ್ತು 470. ಬಿಲ್ ನೋಡಿದವರಿಗೆ ಸೀಸನ್ ಅಷ್ಟೇನೂ ಚೂಪಾಗಿಲ್ಲ ಅನ್ನಿಸುತ್ತದೆ. ನಿಮ್ಮ ಕೈಲಿ ಎಷ್ಟು ಮಾಡಲು ಆಯಿತು ಅನ್ನುವುದನ್ನು ಬಿಲ್ ಹೇಳುತ್ತದೆ. ಮಾರುಕಟ್ಟೆ ಎಷ್ಟು ಕೇಳಿತು ಅನ್ನುವುದು ಆರ್ಡರ್ ಪುಸ್ತಕದಲ್ಲಿದೆ. ಬಿಲ್ ಇಟ್ಟುಕೊಂಡು ಅಂದಾಜು ಹಾಕಿದರೆ ಹೋದ ವರ್ಷದ ಕೊರತೆಯನ್ನೇ ಈ ವರ್ಷಕ್ಕೂ ಬರೆದಿಟ್ಟ ಹಾಗೆ. ಆದ್ದರಿಂದ ಮುಂದಿನದ್ದೆಲ್ಲ ಆರ್ಡರ್ ಲೆಕ್ಕ. ಆರ್ಡರ್ ಯಾವ ತಿಂಗಳು ಬಂತೋ ಆ ತಿಂಗಳಿಗೇ ಬರೆಯಬೇಕು, ರದ್ದಾಗಿದ್ದನ್ನೂ ಬಿಡಬಾರದು. ಒಂದು ಎಚ್ಚರ: ಮಾಲು ಸಿಗುತ್ತಿಲ್ಲ ಅಂತ ಗೊತ್ತಾದರೆ ಕೆಲವು ಡಿಸ್ಟ್ರಿಬ್ಯೂಟರ್‌ಗಳು 20 ಬೇಕಿದ್ದರೆ 30 ಬರೆಸುತ್ತಾರೆ. ಅಂಥವರು ಯಾರು ಅಂತ ನಿಮಗೇ ಗೊತ್ತಿರುತ್ತದೆ.

ಈಗ ಮಗ ಹೇಳಿದ ಲೆಕ್ಕಕ್ಕೆ ಬರೋಣ. ಅದರಲ್ಲಿ ಎರಡು ಭಾಗ. ವ್ಯಾಪಾರದ ಮಟ್ಟ ಎಷ್ಟು, ಆ ಮಟ್ಟದ ಮೇಲೆ ಒಂದೊಂದು ತಿಂಗಳು ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಮಟ್ಟ ತಿಳಿಯಲು 12 ತಿಂಗಳ ಚಲಿಸುವ ಸರಾಸರಿ ಬೇಕು, ಮೂರರದ್ದಲ್ಲ. 12 ತಿಂಗಳು ಹಿಡಿದಾಗ ಎಲ್ಲ ಹಬ್ಬಗಳೂ ಎಲ್ಲ ಮಂದ ತಿಂಗಳುಗಳೂ ಒಂದೊಂದು ಸಲ ಒಳಗೆ ಬರುತ್ತವೆ. ಹಾಗಾಗಿ ಸೀಸನ್ ತಾನಾಗಿ ಕಳೆದುಹೋಗಿ ಮಟ್ಟ ಮಾತ್ರ ಉಳಿಯುತ್ತದೆ.

ಒಂದು ತೊಡಕಿದೆ. 12 ಸಮ ಸಂಖ್ಯೆ. ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿಯ ನಡುಬಿಂದು ಜೂನ್‌ಗೂ ಜುಲೈಗೂ ನಡುವೆ ಬೀಳುತ್ತದೆ, ಯಾವ ತಿಂಗಳ ಮೇಲೂ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಜನವರಿ–ಡಿಸೆಂಬರ್ ಮೊತ್ತ ಮತ್ತು ಫೆಬ್ರವರಿ–ಮುಂದಿನ ಜನವರಿ ಮೊತ್ತ, ಎರಡನ್ನೂ ಕೂಡಿಸಿ 24ರಿಂದ ಭಾಗಿಸುತ್ತೇವೆ. ಆಗ ಅದು ಜುಲೈ ಮೇಲೆ ಸರಿಯಾಗಿ ಕೂರುತ್ತದೆ. ಹಾಳೆಯಲ್ಲಿ ಜನವರಿ 2023 `C2`ನಲ್ಲಿ ಶುರುವಾದರೆ ಜುಲೈ 2023 `C8`ನಲ್ಲಿರುತ್ತದೆ. ಅದರ ಪಕ್ಕದ `D8`, `E8`ನಲ್ಲಿ ಹೀಗೆ ಬರೆದು ಜೂನ್ 2025 ಇರುವ 31ನೇ ಸಾಲಿನವರೆಗೆ ಮಾತ್ರ ಕೆಳಗೆ ಎಳೆಯಿರಿ:

```
D8:  =(SUM(C2:C13)+SUM(C3:C14))/24
E8:  =C8/D8
```

ನಿಮ್ಮ ಅಂಕಿಯಲ್ಲಿ 2023ರ ಒಟ್ಟು 4,900. ಫೆಬ್ರವರಿ 2023ರಿಂದ ಜನವರಿ 2024ರವರೆಗೆ 4,920. ಎರಡೂ ಸೇರಿಸಿ 24ರಿಂದ ಭಾಗಿಸಿದರೆ 409. ಜುಲೈ 2023ರ ಆರ್ಡರ್ 380. ಅಂದರೆ 380ನ್ನು 409ರಿಂದ ಭಾಗಿಸಿದರೆ 0.93. ಆ ಜುಲೈ ಅಂದಿನ ಮಟ್ಟಕ್ಕಿಂತ 7% ಕಮ್ಮಿ ಇತ್ತು ಅಂತ ಅರ್ಥ. ಹೀಗೆ ತಿಂಗಳಿಗೊಂದು ಅನುಪಾತ ಸಿಗುತ್ತದೆ. ಒಂದೇ ತಿಂಗಳ ಎರಡು ವರ್ಷದ ಅನುಪಾತಗಳ ಸರಾಸರಿಯೇ ಸೀಸನ್ ಸೂಚ್ಯಂಕ. ಹನ್ನೆರಡೂ ಸೂಚ್ಯಂಕ ಕೂಡಿಸಿದರೆ 12 ಬರಬೇಕು. ನಿಮ್ಮದು 11.97 ಬಂತು. ಎಲ್ಲವನ್ನೂ 12/11.97ರಿಂದ ಗುಣಿಸಿ ಸರಿಮಾಡಿದೆ. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಏನೂ ಬದಲಾಗುವುದಿಲ್ಲ. ತುಂಬಾ ವ್ಯತ್ಯಾಸ ಬಂದರೆ ಎಲ್ಲೋ ಒಂದು ಸಾಲು ತಪ್ಪಿದೆ ಅಂತ ತಿಳಿಯಿರಿ.

ಮೂರು ವರ್ಷದ ಲೆಕ್ಕ ಕೊಟ್ಟರೂ ಎರಡೇ ವರ್ಷದ ಅನುಪಾತ ಯಾಕೆ ಅಂತ ಕೇಳಬಹುದು. ನಡುವಿನ ತಿಂಗಳಿಗೆ ಸರಾಸರಿ ಕೂರಿಸಲು ಎರಡೂ ಕಡೆ ಆರಾರು ತಿಂಗಳು ಬೇಕಲ್ವಾ? ಹಾಗಾಗಿ ಮೊದಲ ಆರು, ಕೊನೆಯ ಆರು ತಿಂಗಳು ಬಿಟ್ಟುಹೋಗುತ್ತವೆ. ನಿಮ್ಮ 2025ರ ಸೆಪ್ಟೆಂಬರ್, ಅಕ್ಟೋಬರ್ ಈ ಸೂಚ್ಯಂಕದಲ್ಲಿ ಇಲ್ಲವೇ ಇಲ್ಲ. ಇದು ನೆನಪಿರಲಿ.

ಇಲ್ಲಿಯವರೆಗೆ ಪುಸ್ತಕದ ಲೆಕ್ಕ. ಮಗ ಇದನ್ನು ಒಂದು ಸಂಜೆಯಲ್ಲಿ ಮಾಡಿ ಕೊಡುತ್ತಾನೆ, ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಮಾತ್ರ ಸರಾಸರಿ ತೆಗೆಯುವ ಮೊದಲು ಆ ಎರಡೆರಡು ಅನುಪಾತಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ನಿಮ್ಮ ಜನವರಿ: 0.95 ಮತ್ತು 0.95. ಫೆಬ್ರವರಿ: ಎರಡು ವರ್ಷವೂ 0.87. ಏಪ್ರಿಲ್: 0.81 ಮತ್ತು 0.82. ಇಷ್ಟು ಒಗ್ಗಟ್ಟಾಗಿದ್ದರೆ ಆ ಸೂಚ್ಯಂಕ ನಂಬಬಹುದು. ಈಗ ಅಕ್ಟೋಬರ್ ನೋಡಿ. 2023ರಲ್ಲಿ 1.47, 2024ರಲ್ಲಿ 1.22. ಸರಾಸರಿ ತೆಗೆದರೆ 1.35. ಆದರೆ 1.35ರ ಅಕ್ಟೋಬರ್ ನಿಮ್ಮ ಕಾರ್ಖಾನೆಯಲ್ಲಿ ಯಾವತ್ತೂ ಬಂದೇ ಇಲ್ಲ. ಒಂದು ಸಲ ಅದಕ್ಕಿಂತ ತುಂಬಾ ಮೇಲೆ, ಇನ್ನೊಂದು ಸಲ ತುಂಬಾ ಕೆಳಗೆ.

ಕಾರಣ ನಿಮ್ಮ ಪೂಜಾ ಕೋಣೆಯ ಪಂಚಾಂಗದಲ್ಲೇ ಇದೆ. ಎಕ್ಸೆಲ್‌ಗೆ ಗೊತ್ತಿರುವುದು ಇಂಗ್ಲಿಷ್ ತಿಂಗಳು. ನಿಮ್ಮ ಮಾಲು ಹೋಗುವುದು ಚಾಂದ್ರಮಾನ ಹಬ್ಬಗಳಿಗೆ. ಚಾಂದ್ರಮಾನ ವರ್ಷ ಸುಮಾರು 354 ದಿನ, ಆದ್ದರಿಂದ ಹಬ್ಬಗಳು ವರ್ಷಕ್ಕೆ 11 ದಿನ ಹಿಂದಕ್ಕೆ ಸರಿಯುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಒಂದೇ ಏಟಿಗೆ ಹತ್ತೊಂಬತ್ತು ಇಪ್ಪತ್ತು ದಿನ ಮುಂದಕ್ಕೆ ಹಾರುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಈ ವರ್ಷ, 2026ರಲ್ಲಿ, ಅಧಿಕ ಜ್ಯೇಷ್ಠ ಬರುತ್ತದೆ.

ನಿಮ್ಮ ಆರ್ಡರ್‌ಗಳನ್ನೂ ಹಬ್ಬದ ದಿನಗಳನ್ನೂ ಒಟ್ಟಿಗೆ ಇಟ್ಟರೆ ಹೀಗೆ ಕಾಣುತ್ತದೆ:

| | 2023 | 2024 | 2025 |
|---|---|---|---|
| ಗಣೇಶ ಚೌತಿ | ಸೆ. 18 | ಸೆ. 7 | ಆ. 27 |
| ನರಕ ಚತುರ್ದಶಿ | ನ. 12 | ಅ. 31 | ಅ. 20 |
| ಜುಲೈ | 380 | 430 | 490 |
| ಆಗಸ್ಟ್ | 450 | 530 | 590 |
| ಸೆಪ್ಟೆಂಬರ್ | 520 | 610 | 660 |
| ಅಕ್ಟೋಬರ್ | 610 | 530 | 470 |
| ನವೆಂಬರ್ | 440 | 400 | 400 |
| ಐದು ತಿಂಗಳ ಮೊತ್ತ | 2,400 | 2,500 | 2,610 |
| ವರ್ಷದ ಮೊತ್ತ | 4,900 | 5,140 | 5,400 |

ಡಿಸ್ಟ್ರಿಬ್ಯೂಟರ್ ಹಬ್ಬಕ್ಕೆ ಮೂರು ನಾಲ್ಕು ವಾರ ಮೊದಲೇ ಮಾಲು ತುಂಬಿಸಿಕೊಳ್ಳುತ್ತಾನೆ. ದೀಪಾವಳಿ ನವೆಂಬರ್ 12ಕ್ಕೆ ಬಂದರೆ ಅದರ ಆರ್ಡರ್ ಪೂರ್ತಿ ಅಕ್ಟೋಬರ್‌ನಲ್ಲಿ. ಅಕ್ಟೋಬರ್ 20ಕ್ಕೆ ಬಂದರೆ ಹೆಚ್ಚಿನದೆಲ್ಲ ಸೆಪ್ಟೆಂಬರ್‌ನಲ್ಲೇ ಮುಗಿದಿರುತ್ತದೆ. ಮೂರು ವರ್ಷದಲ್ಲಿ ನಿಮ್ಮ ಅಕ್ಟೋಬರ್ 610ರಿಂದ 470ಕ್ಕೆ ಇಳಿದಿದೆ, ಸೆಪ್ಟೆಂಬರ್ 520ರಿಂದ 660ಕ್ಕೆ ಏರಿದೆ. ಗಿರಾಕಿ ಬದಲಾಗಿಲ್ಲ. ಹಬ್ಬ ಗೆರೆ ದಾಟಿದೆ, ಅಷ್ಟೇ.

ಈಗ ಕೊನೆಯ ಎರಡು ಸಾಲು ಮತ್ತೊಮ್ಮೆ ನೋಡಿ. ಐದು ತಿಂಗಳ ಮೊತ್ತ ವರ್ಷದ ಮೊತ್ತದಲ್ಲಿ ಎಷ್ಟು ಪಾಲು? 49.0%, 48.6%, 48.3%. ಒಳಗಿನ ತಿಂಗಳುಗಳು ಅಷ್ಟೊಂದು ಕುಣಿದಿವೆ, ಮೊತ್ತದ ಪಾಲು ಮಾತ್ರ ಹೆಚ್ಚು ಅಲುಗಿಲ್ಲ. ನಿಮ್ಮ ಇಡೀ ಲೆಕ್ಕದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಸೀಸನ್‌ಗೆ ಒಟ್ಟು ಎಷ್ಟು ಅನ್ನುವುದನ್ನು ಧೈರ್ಯವಾಗಿ ಹೇಳಬಹುದು. ಯಾವ ತಿಂಗಳಿಗೆ ಎಷ್ಟು ಅನ್ನುವುದಕ್ಕೆ ಪಂಚಾಂಗ ಕೇಳಬೇಕು.

ಹಬ್ಬದ ಈ ಓಡಾಟ 12 ತಿಂಗಳ ಸರಾಸರಿಯನ್ನೂ ಸ್ವಲ್ಪ ಕೆಡಿಸುತ್ತದೆ. ಅಕ್ಟೋಬರ್ 2023ರಿಂದ ಸೆಪ್ಟೆಂಬರ್ 2024ರವರೆಗಿನ 12 ತಿಂಗಳ ಮೊತ್ತ 5,240. ಒಂದೇ ತಿಂಗಳು ಮುಂದೆ ಸರಿದರೆ 5,160. ವ್ಯಾಪಾರ ಬಿದ್ದೇಹೋಯಿತು ಅಂತ ಗಾಬರಿಯಾಗುತ್ತದೆ ಅಲ್ವಾ? ಏನೂ ಆಗಿಲ್ಲ. ಮೊದಲನೆಯದರಲ್ಲಿ ಎರಡು ವರ್ಷದ ಹಬ್ಬದ ಶಿಖರ ಸಿಕ್ಕಿಹಾಕಿಕೊಂಡಿವೆ, 2023ರ ಅಕ್ಟೋಬರ್‌ನ 610 ಮತ್ತು 2024ರ ಸೆಪ್ಟೆಂಬರ್‌ನ 610. ಆದ್ದರಿಂದ ಮಟ್ಟ ನೋಡಲು ನಾನು ಜನವರಿ–ಡಿಸೆಂಬರ್ ಮೊತ್ತವನ್ನೇ ನಂಬುತ್ತೇನೆ. ಆ ಗಡಿಯಲ್ಲಿ ಹಬ್ಬದ ಆರ್ಡರ್ ಯಾವುದೂ ಇಲ್ಲ. ಏಪ್ರಿಲ್–ಮಾರ್ಚ್ ಹಿಡಿದರೂ ನಡೆಯುತ್ತದೆ, ಬ್ಯಾಂಕಿಗೆ ಹೇಗೂ ಅದೇ ಬೇಕು.

ಲೆಕ್ಕ ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡಲು ನನಗೆ ಗೊತ್ತಿರುವ ಪ್ರಾಮಾಣಿಕ ದಾರಿ ಒಂದೇ. 2025ರ ಜೂನ್ ಕೊನೆಗೆ ಹಿಂದೆ ಹೋಗಿ ನಿಲ್ಲಬೇಕು. ಆಮೇಲಿನ ಅಂಕಿಗಳನ್ನು ಕೈಯಿಂದ ಮುಚ್ಚಿಕೊಂಡು ಅಂದಾಜು ಹಾಕಬೇಕು, ನಂತರ ಕೈ ತೆಗೆಯಬೇಕು.

ಮೊದಲು ಮಗನ ಲೆಕ್ಕ. ಬರೀ ಸೂಚ್ಯಂಕ ಹಿಡಿದರೆ ಸೆಪ್ಟೆಂಬರ್ 608, ಅಕ್ಟೋಬರ್ 615 ಬರುತ್ತದೆ. ನಿಜವಾಗಿ ಬಂದಿದ್ದು 660 ಮತ್ತು 470. ಅಕ್ಟೋಬರ್ ಒಂದರಲ್ಲೇ 145 ಪೆಟ್ಟಿಗೆ ತಪ್ಪು. ಅಂದರೆ ಸೀಸನಲ್ ಇಂಡೆಕ್ಸ್ ಇದ್ದಿದ್ದರೂ ನಿಮ್ಮ ಗೋಡೌನ್ ತುಂಬುತ್ತಿತ್ತು.

ಇನ್ನು ಹಬ್ಬಕ್ಕೆ ಸರಿಸಿದ ಲೆಕ್ಕ. 2023ರಿಂದ 2024ಕ್ಕೆ ದೀಪಾವಳಿ 12 ದಿನ ಹಿಂದೆ ಸರಿಯಿತು. ಆಗ ಸೆಪ್ಟೆಂಬರ್ ಅನುಪಾತ 1.26ರಿಂದ 1.41ಕ್ಕೆ ಏರಿತು, ಅಕ್ಟೋಬರ್ 1.47ರಿಂದ 1.22ಕ್ಕೆ ಇಳಿಯಿತು. 2025ರಲ್ಲಿ ಇನ್ನೂ 11 ದಿನ ಹಿಂದೆ ಬರುವುದು ಮೊದಲೇ ಗೊತ್ತಿತ್ತು. ಹಾಗಾಗಿ ಹೆಚ್ಚುಕಮ್ಮಿ ಅಷ್ಟೇ ಬದಲಾವಣೆಯನ್ನು ಇನ್ನೊಂದು ಸಲ ಸೇರಿಸಿದೆ. ಆಗಸ್ಟ್ 612, ಸೆಪ್ಟೆಂಬರ್ 702, ಅಕ್ಟೋಬರ್ 451 ಬಂತು. ನಿಜವಾಗಿ ಬಂದಿದ್ದು 590, 660, 470. ತಪ್ಪು 19ರಿಂದ 42 ಪೆಟ್ಟಿಗೆ. ನವೆಂಬರ್‌ನಲ್ಲಿ ಎಡವಿತು. 361 ಅಂದಿತು, 400 ಬಂತು. ಕಾರಣ ಸರಳ. ನವೆಂಬರ್‌ನಿಂದ ಹಬ್ಬದ ಪಾಲು ಪೂರ್ತಿ ಹೋದಮೇಲೆ ಇನ್ನೂ ಇಳಿಯಲು ಏನೂ ಉಳಿದಿರಲಿಲ್ಲ. ಕಾರ್ತಿಕ ಮಾಸದ ದಿನನಿತ್ಯದ ಬೇಡಿಕೆ ಹಾಗೇ ಇತ್ತು. ಅಂದರೆ ಎರಡು ವರ್ಷದ ನಡುವಿನ ಗೆರೆಯನ್ನು ಆಚೆಗೆ ತುಂಬಾ ಎಳೆಯಬಾರದು. ನಡುವೆ ಬರುವ ದಿನಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನಿಮ್ಮ ಅದೃಷ್ಟಕ್ಕೆ 2026 ನಡುವೆಯೇ ಬರುತ್ತದೆ. ಈ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 14, ನರಕ ಚತುರ್ದಶಿ ನವೆಂಬರ್ 8. ಎರಡೂ 2023ಕ್ಕಿಂತ ಸರಿಯಾಗಿ ನಾಲ್ಕು ದಿನ ಮೊದಲು. ನಾಲ್ಕು ದಿನ ಅಂದರೆ 2023ಕ್ಕೂ 2024ಕ್ಕೂ ಇರುವ 12 ದಿನದ ಅಂತರದಲ್ಲಿ ಮೂರನೇ ಒಂದು ಭಾಗ. ಹಾಗಾಗಿ 2023ರ ಅನುಪಾತದಿಂದ ಶುರುಮಾಡಿ 2024ರ ಕಡೆಗೆ ಮೂರನೇ ಒಂದು ಭಾಗ ನಡೆಯಬೇಕು. ಅಕ್ಟೋಬರ್‌ಗೆ 1.47ರಿಂದ 1.22ರ ಕಡೆಗೆ ಅಷ್ಟು ಬಂದರೆ 1.39.

ಇನ್ನು ಮಟ್ಟ. 2023ರ ತಿಂಗಳ ಸರಾಸರಿ 408, 2025ರದ್ದು 450. 24 ತಿಂಗಳಲ್ಲಿ 42 ಏರಿದೆ, ಅಂದರೆ ತಿಂಗಳಿಗೆ ಸುಮಾರು ಒಂದೂಮುಕ್ಕಾಲು ಪೆಟ್ಟಿಗೆ. 2025ರ ಸರಾಸರಿ ಕೂರುವುದು ಆ ವರ್ಷದ ಜೂನ್ ಕೊನೆಗೆ. ಅಲ್ಲಿಂದ 2026ರ ಅಕ್ಟೋಬರ್ ನಡುವಿನವರೆಗೆ ಹದಿನೈದೂವರೆ ತಿಂಗಳು. 450ಕ್ಕೆ 27 ಸೇರಿಸಿದರೆ 477. ಅದನ್ನು 1.39ರಿಂದ ಗುಣಿಸಿದರೆ 663. ಉಳಿದ ತಿಂಗಳುಗಳನ್ನೂ ಹೀಗೇ ಮಾಡಿದೆ:

| 2026 | ಮಟ್ಟ | ಸೂಚ್ಯಂಕ | ಅಂದಾಜು |
|---|---|---|---|
| ಜುಲೈ | 472 | 0.95 | 448 |
| ಆಗಸ್ಟ್ | 474 | 1.14 | 540 |
| ಸೆಪ್ಟೆಂಬರ್ | 475 | 1.31 | 622 |
| ಅಕ್ಟೋಬರ್ | 477 | 1.39 | 663 |
| ನವೆಂಬರ್ | 479 | 1.01 | 484 |

ಐದೂ ಸೇರಿಸಿದರೆ 2,757. ಇನ್ನೊಂದು ದಾರಿಯಿಂದ ತಾಳೆ ನೋಡಿ. ವರ್ಷಕ್ಕೆ 240, 260 ಹೀಗೆ ಏರಿದೆ. ಈ ವರ್ಷ 250 ಏರಿದರೆ 5,650. ಅದರ 48.6% ಅಂದರೆ 2,746. ಎರಡು ದಾರಿಯೂ ಒಂದೇ ಊರಿಗೆ ಬಂದವು. ಇಷ್ಟು ಹತ್ತಿರ ಬರದೆ ಇನ್ನೂರು ಮುನ್ನೂರು ವ್ಯತ್ಯಾಸ ಬಂದಿದ್ದರೆ ಮತ್ತೆ ಕೂತು ಲೆಕ್ಕ ನೋಡುತ್ತಿದ್ದೆ.

ಜನವರಿಯಿಂದ ಜೂನ್‌ವರೆಗೆ ಇಷ್ಟೆಲ್ಲ ಬೇಡ, ನೇರ ಸೂಚ್ಯಂಕ ಸಾಕು. ಉದಾಹರಣೆಗೆ ಏಪ್ರಿಲ್‌ನ ಮಟ್ಟ 467, ಸೂಚ್ಯಂಕ 0.82, ಅಂದಾಜು 380ರ ಆಸುಪಾಸು. ಎರಡು ಕಡೆ ಮಾತ್ರ ಹುಷಾರು. ನಿಮ್ಮ ಮಾರ್ಚ್ ಸೂಚ್ಯಂಕ 0.95. ಅದರ ಹಿಂದಿನ ಫೆಬ್ರವರಿ 0.87, ಮುಂದಿನ ಏಪ್ರಿಲ್ 0.82. ಮಾರ್ಚ್ ಯಾಕೆ ಹೀಗೆ ಎದ್ದು ನಿಂತಿದೆ? ಶಿವರಾತ್ರಿ, ಯುಗಾದಿ ಇರಬಹುದು. ಆದರೆ ಹಬ್ಬವೇ ಕಾರಣವಾಗಿದ್ದರೆ ಎರಡು ವರ್ಷದ ಅನುಪಾತ ಓಡಾಡಬೇಕಿತ್ತು, ಓಡಾಡಿಲ್ಲ. ವರ್ಷಾಂತ್ಯದ ಗುರಿ ಮುಟ್ಟಿಸಲು ‘ಹತ್ತಕ್ಕೆ ಒಂದು ಫ್ರೀ’ ತರಹದ ಸ್ಕೀಮ್ ಕೊಡುತ್ತೀರಾ ನೋಡಿಕೊಳ್ಳಿ. ಕೊಡುತ್ತಿದ್ದರೆ ಅದು ಏಪ್ರಿಲ್‌ನ ಮಾಲು ಮಾರ್ಚ್‌ನಲ್ಲಿ ಹೋಗಿದ್ದು. ಸ್ಕೀಮ್ ನಿಲ್ಲಿಸಿದ ವರ್ಷ ಮಾರ್ಚ್ ಇಳಿಯುತ್ತದೆ, ಏಪ್ರಿಲ್ ಏರುತ್ತದೆ. ಸೂಚ್ಯಂಕಕ್ಕೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು, ಅಧಿಕ ಜ್ಯೇಷ್ಠ. ಅದು ಮೇ ನಡುವಿನಿಂದ ಜೂನ್ ನಡುವಿನವರೆಗೆ. ನಿಮ್ಮ ಮೇ, ಜೂನ್ ಸೂಚ್ಯಂಕ ಬಂದಿರುವುದು ಅಧಿಕ ಮಾಸ ಇಲ್ಲದ ವರ್ಷಗಳಿಂದ. ಆ ತಿಂಗಳಲ್ಲಿ ಮದುವೆ, ಗೃಹಪ್ರವೇಶ ನಿಲ್ಲುತ್ತವೆ. ದಾನ, ವ್ರತ, ದೇವಸ್ಥಾನದ ಓಡಾಟ ನಡೆಯುತ್ತದೆ. ನಿಮ್ಮ ಮಾಲು ಹೆಚ್ಚಾಗಿ ಯಾವ ಕಡೆ ಹೋಗುತ್ತದೋ ಅದರ ಮೇಲೆ ಇದೆ. ಈ ಎರಡು ತಿಂಗಳಿಗೆ ಲೆಕ್ಕಕ್ಕಿಂತ ನಿಮ್ಮ ನಾಲ್ಕು ದೊಡ್ಡ ಡಿಸ್ಟ್ರಿಬ್ಯೂಟರ್‌ಗಳಿಗೆ ಫೋನ್ ಮಾಡಿ ಕೇಳುವುದೇ ಮೇಲು. ಇನ್ನೊಂದು ಕಾರಣಕ್ಕೂ ಇದನ್ನು ಹೇಳುತ್ತಿದ್ದೇನೆ: 2023ರ ಜುಲೈ ಮಂದವಾಗಿದ್ದರಲ್ಲಿ ಆಗಿನ ಅಧಿಕ ಶ್ರಾವಣದ ಪಾಲೂ ಇರಬಹುದು. ಈ ವರ್ಷ ಆ ಅಡ್ಡಿ ಮೊದಲೇ ಮುಗಿದಿರುತ್ತದೆ. ಜುಲೈ 448ಕ್ಕಿಂತ ಮೇಲೆ ಹೋದರೆ ಆಶ್ಚರ್ಯಪಡಬೇಡಿ.

ಈಗ ಈ ಸಂಖ್ಯೆಗಳನ್ನು ಹೇಗೆ ಬಳಸುವುದು? 663 ಅಂತ ಬರೆದಿದ್ದೇನೆ ಅಂತ 663 ಪೆಟ್ಟಿಗೆ ಪ್ಯಾಕ್ ಮಾಡಿಡಬೇಡಿ. 2025ರ ಪರೀಕ್ಷೆಯಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನ ತಪ್ಪು 4ರಿಂದ 6% ಇತ್ತು. ಹಾಗಾಗಿ ಅಕ್ಟೋಬರ್ ಅಂದರೆ 620ರಿಂದ 710 ಅಂತ ಓದಿಕೊಳ್ಳಿ. ಕೆಳಗಿನ ತುದಿಗೆ ತಯಾರಿ ಮಾಡಿದರೆ ಸೆಪ್ಟೆಂಬರ್ ಕಥೆ ಮತ್ತೆ ನಡೆಯಬಹುದು. ತಪ್ಪಿಹೋದ 50 ಪೆಟ್ಟಿಗೆಯ ಲಾಭದ ಜೊತೆಗೆ ಅಂಗಡಿಯ ಕಪಾಟಿನಲ್ಲಿ ನಿಮ್ಮ ಜಾಗವೂ ಹೋಗುತ್ತದೆ. ಮೇಲಿನ ತುದಿಗೆ ತಯಾರಿ ಮಾಡಿದರೆ ದುಡ್ಡು ಗೋಡೌನ್‌ನಲ್ಲಿ ಮಲಗುತ್ತದೆ, ಪರ್ಫ್ಯೂಮ್ ಹಾಕಿದ ಮಾಲಿನ ಘಮ ದಿನ ಕಳೆದಂತೆ ಇಳಿಯುತ್ತದೆ.

ನಿಮ್ಮ ಕಸುಬಿನಲ್ಲಿ ಇವೆರಡರ ನಡುವೆ ಒಂದು ದಾರಿ ಇದೆ, ಎಲ್ಲ ತಯಾರಕರಿಗೂ ಇರುವುದಿಲ್ಲ. ಕಚ್ಚಾ ಬತ್ತಿ ಎಲ್ಲ ಪರಿಮಳಕ್ಕೂ ಒಂದೇ. ಪರ್ಫ್ಯೂಮ್‌ನಲ್ಲಿ ಅದ್ದಿ ಪ್ಯಾಕ್ ಮಾಡಿದ ಮೇಲೆಯೇ ಅದು ಗಂಧ ಅಥವಾ ಮಲ್ಲಿಗೆ ಆಗುವುದು. ಆದ್ದರಿಂದ ಕಚ್ಚಾ ಬತ್ತಿಯನ್ನು ಸೀಸನ್ ಮೊತ್ತದ ಲೆಕ್ಕದಲ್ಲಿ, ಅಂದರೆ 2,750 ಪೆಟ್ಟಿಗೆಗೆ ಆಗುವಷ್ಟು, ಮೇ ತಿಂಗಳಿಂದಲೇ ಹಂತಹಂತವಾಗಿ ಸೇರಿಸಿ. ಆ ಮೊತ್ತ ನಂಬಿಕೆಯ ಸಂಖ್ಯೆ. ಅದ್ದುವುದು, ಪ್ಯಾಕ್ ಮಾಡುವುದನ್ನು ತಿಂಗಳ ಅಂದಾಜಿನ ಕೆಳಗಿನ ತುದಿಗೆ ಶುರುಮಾಡಿ, ಆರ್ಡರ್ ನೋಡಿಕೊಂಡು ಏರಿಸಿ. ಇದರಲ್ಲೂ ಅಪಾಯ ಇದೆ. ಮಳೆಗಾಲದ ತೇವಕ್ಕೆ ಕಚ್ಚಾ ಬತ್ತಿ ಬೂಷ್ಟು ಹಿಡಿಯುತ್ತದೆ. ನನಗೆ ಗೊತ್ತಿದ್ದ ಒಂದು ಘಟಕದವರು ಅಂದಾಜು ಸರಿಯಾಗಿ ಹಾಕಿದ್ದರು, ಮಾಲನ್ನು ಸಿಮೆಂಟ್ ನೆಲದ ಮೇಲೆ ಹಾಗೇ ಒಟ್ಟಿದ್ದರು. ಆಗಸ್ಟ್‌ನಲ್ಲಿ ಕೆಳಗಿನ ಸಾಲು ಪೂರ್ತಿ ಎಸೆಯಬೇಕಾಯಿತು. ಚೆನ್ನಾಗಿ ಒಣಗಿಸಿ, ಹಲಗೆ ಮೇಲೆ ಇಟ್ಟು, ಗೋಡೆಯಿಂದ ದೂರ ಇಡುವ ಜಾಗ ಇದ್ದರೆ ಮಾತ್ರ ಇದನ್ನು ಮಾಡಿ.

ಪರಿಮಳವಾರು ಸೂಚ್ಯಂಕ ಹಾಕಲು ಹೋಗಬೇಡಿ. ಮಗನಿಗೆ ಆಸೆಯಾಗುತ್ತದೆ, ಎಕ್ಸೆಲ್‌ನಲ್ಲಿ ಎಳೆದರೆ ಬಂದುಬಿಡುತ್ತದೆ. ತಿಂಗಳಿಗೆ 15 ಪೆಟ್ಟಿಗೆ ಹೋಗುವ ಪರಿಮಳದಲ್ಲಿ ಒಬ್ಬ ಗಿರಾಕಿ 5 ಪೆಟ್ಟಿಗೆ ಜಾಸ್ತಿ ತಗೊಂಡರೂ ಸೂಚ್ಯಂಕ 1.33 ಆಗುತ್ತದೆ. ಅದು ಸೀಸನ್ ಅಲ್ಲ. ಒಟ್ಟು ಅಂದಾಜು ಹಾಕಿ, ಕಳೆದ ಆರು ತಿಂಗಳಲ್ಲಿ ಯಾವ ಪರಿಮಳದ ಪಾಲು ಎಷ್ಟಿತ್ತೋ ಆ ಪ್ರಕಾರ ಹಂಚಿ. ಹಬ್ಬದಲ್ಲಷ್ಟೇ ಓಡುವ ಒಂದೆರಡು ಪರಿಮಳ ಇದ್ದರೆ ಅವಕ್ಕೆ ಮಾತ್ರ ಹಿಂದಿನ ಹಬ್ಬದ ಪಾಲು ಹಿಡಿಯಿರಿ.

ಕೊನೆಯದಾಗಿ, ಪ್ರತಿ ತಿಂಗಳ ಮೊದಲ ವಾರ ಒಂದು ಕೆಲಸ. ಹೋದ ತಿಂಗಳ ಆರ್ಡರ್‌ನಿಂದ ಅಂದಾಜು ಕಳೆದು ಬರೆಯಿರಿ, ಕೂಡು ಕಳೆಯುವ ಚಿಹ್ನೆಯ ಸಮೇತ. ಒಂದು ತಿಂಗಳು +20, ಇನ್ನೊಂದು ತಿಂಗಳು −25 ಬಂದರೆ ಸುಮ್ನಿರಿ, ಏನೂ ಮುಟ್ಟಬೇಡಿ. ಸತತ ನಾಲ್ಕು ತಿಂಗಳು ಒಂದೇ ಚಿಹ್ನೆ ಬಂದರೆ ಮಟ್ಟ ಬದಲಾಗಿದೆ ಅಂತ ಅರ್ಥ. ಹೊಸ ಡಿಸ್ಟ್ರಿಬ್ಯೂಟರ್ ಸೇರಿರಬಹುದು, ಇಲ್ಲವೇ ಯಾರೋ ಸದ್ದಿಲ್ಲದೆ ಬಿಟ್ಟಿರಬಹುದು. ಆಗ ಮಟ್ಟದ ಸಂಖ್ಯೆ ಸರಿಮಾಡಿ, ಸೂಚ್ಯಂಕ ಹಾಗೇ ಇರಲಿ. ಸೆಪ್ಟೆಂಬರ್‌ನಲ್ಲಿ +60, ಅಕ್ಟೋಬರ್‌ನಲ್ಲಿ −60 ಬಂದರೆ ಮಟ್ಟ ಮುಟ್ಟಬೇಡಿ. ಡಿಸ್ಟ್ರಿಬ್ಯೂಟರ್‌ಗಳು ಈ ಸಲ ಒಂದು ವಾರ ಬೇಗ ತುಂಬಿಸಿಕೊಂಡಿದ್ದಾರೆ, ಅಷ್ಟೇ.

2026 ಮುಗಿದ ಮೇಲೆ ನಿಮ್ಮ ಹತ್ತಿರ ನಾಲ್ಕು ವರ್ಷದ ಲೆಕ್ಕ ಇರುತ್ತದೆ. 2025ರ ಹಬ್ಬದ ತಿಂಗಳುಗಳ ಅನುಪಾತವೂ ಸಿಗುತ್ತದೆ. ಆಗ ಬೇಗ ಬರುವ ದೀಪಾವಳಿಗೆ 2025, ತಡವಾಗಿ ಬರುವುದಕ್ಕೆ 2023, ನಡುವಿನದ್ದಕ್ಕೆ 2024 ಹೀಗೆ ಮೂರು ಅಳತೆಗೋಲು ಇರುತ್ತವೆ. 2027ರ ಕ್ಯಾಲೆಂಡರ್ ಬಂದ ತಕ್ಷಣ ಹಬ್ಬದ ದಿನ ನೋಡಿ, ಯಾವುದರ ಹತ್ತಿರ ಇದೆಯೋ ಅಲ್ಲಿಂದ ಶುರುಮಾಡಿ.